ಟೆನ್ಶನ್ನಿಗೆ ಮಿದುಳು ಕುಗ್ಗುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾಯಚೂರಿನಲ್ಲಿ ಫಿಸಿಯಾಲಜಿ ಪಾಠ ಮಾಡುವವನು. ರೋಗಿಗಳನ್ನು ನೋಡುವುದಿಲ್ಲ. ಆದರೂ ಚಹಾ ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಸಿಂಧನೂರು ಬಸ್ಸಿನಲ್ಲಿ ಜನ ಹಿಡಿದು ಕೇಳುತ್ತಾರೆ: "ಸರ, ಟೆನ್ಶನ್ ಮಾಡ್ಕೊಂಡ್ರ ಮಿದುಳು ಸಣ್ಣದಾಗ್ತದಂತಲ್ರಿ, ಖರೇನಾ?" ಮೊಬೈಲಿನಲ್ಲಿ ಹೊಸ ವಿಡಿಯೋ ಬಂದ ವಾರ ಈ ಪ್ರಶ್ನೆ ಜಾಸ್ತಿ. ಒಬ್ಬೊಬ್ಬರಿಗೂ ನಿಂತು ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಖರೇನಾ?

ಅರ್ಧ ಖರೆ. ಇಡೀ ಮಿದುಳು ಕುಗ್ಗುವುದಿಲ್ಲ. ಹಿಪ್ಪೊಕ್ಯಾಂಪಸ್ ಅನ್ನುವ ಒಂದು ಸಣ್ಣ ಭಾಗದ ಮಾತು ಇದು. ಇಲಿಗಳಲ್ಲಿ ಅಲ್ಲಿ ಬದಲಾವಣೆ ಆಗುವುದನ್ನು ಕಣ್ಣಾರೆ ನೋಡಿದ್ದಾರೆ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ವಿಪರೀತ ಏರುವ ಒಂದು ಕಾಯಿಲೆಯಿರುವ ಮನುಷ್ಯರಲ್ಲೂ ನೋಡಿದ್ದಾರೆ. ಆದರೆ ಸಾಲ, ಸಂಸಾರ, ಆಫೀಸಿನ ಕಿರಿಕಿರಿ ಇರುವ ಸಾಮಾನ್ಯ ಮನುಷ್ಯನ ವಿಷಯದಲ್ಲಿ ಕಥೆ ಅಷ್ಟು ನೇರವಾಗಿಲ್ಲ.

ಈ ಹಿಪ್ಪೊಕ್ಯಾಂಪಸ್ ಎಲ್ಲಿದೆ? ಕಾರ್ಟಿಸಾಲ್‌ಗೂ ಅದಕ್ಕೂ ಏನು ಸಂಬಂಧ?

ಕಿವಿಯ ಮೇಲ್ಗಡೆ ಬೆರಳಿಟ್ಟುಕೊಳ್ಳಿ. ಅಲ್ಲಿಂದ ಒಳಗೆ ಹೋದರೆ, ಎರಡೂ ಬದಿಗೆ ಒಂದೊಂದು ಇದೆ. ಬಾಗಿದ ಕಿರುಬೆರಳಿನಂಥ ಆಕಾರ. ಒಂದೊಂದೂ ಸುಮಾರು 3 ರಿಂದ 4 ಮಿಲಿಲೀಟರ್, ಅಂದರೆ ಒಂದು ಚಮಚೆಯೂ ತುಂಬುವುದಿಲ್ಲ. ಹೊಸ ನೆನಪನ್ನು ಹಿಡಿದಿಡುವುದು ಇದರ ಮುಖ್ಯ ಕೆಲಸ. ನಿನ್ನೆ ಸಂತೆಯಲ್ಲಿ ಯಾರು ಸಿಕ್ಕರು, ಬೈಕ್ ಎಲ್ಲಿ ನಿಲ್ಲಿಸಿದೆ, ಈ ತರಹದ್ದು.

ಕಾರ್ಟಿಸಾಲ್ ಬರುವುದು ಮಿದುಳಿನಿಂದಲ್ಲ, ಮೂತ್ರಪಿಂಡದ ತಲೆಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ. ಆದರೆ ಅದಕ್ಕೆ ಆರ್ಡರ್ ಹೋಗುವುದು ಮಿದುಳಿನಿಂದಲೇ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ತನ್ನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಅಡ್ರಿನಲ್‌ಗೆ ಹೇಳುತ್ತದೆ, ಅದು ಕಾರ್ಟಿಸಾಲ್ ಬಿಡುತ್ತದೆ. ಆ ಕಾರ್ಟಿಸಾಲ್ ರಕ್ತದಲ್ಲಿ ಸುತ್ತಿ ಮತ್ತೆ ಮಿದುಳಿಗೆ ಬಂದು "ಸಾಕು, ನಿಲ್ಸು" ಅನ್ನುತ್ತದೆ.

1968ರಲ್ಲಿ ನ್ಯೂಯಾರ್ಕಿನಲ್ಲಿ ಬ್ರೂಸ್ ಮೆಕ್ಯೂಯೆನ್ ಮತ್ತು ಜೊತೆಯವರು ಇಲಿಗಳಿಗೆ ಇದೇ ಜಾತಿಯ ಹಾರ್ಮೋನಿಗೆ ವಿಕಿರಣದ ಗುರುತು ಹಾಕಿ ಕೊಟ್ಟರು. ಅದು ಹೋಗಿ ಜಾಸ್ತಿ ಸೇರಿದ್ದು ಎಲ್ಲಿ? ಹಿಪ್ಪೊಕ್ಯಾಂಪಸ್‌ನಲ್ಲಿ. ನೆನಪಿನ ಜಾಗಕ್ಕೆ ಒತ್ತಡದ ಹಾರ್ಮೋನಿನ ಹತ್ತಿರ ಏನು ಕೆಲಸ ಅಂತ ಎಲ್ಲರೂ ತಲೆ ಕೆರೆದುಕೊಂಡರು. ಈಗ ಗೊತ್ತಿರುವುದು ಇಷ್ಟು: ಅಲ್ಲಿನ ನರಕೋಶಗಳಲ್ಲಿ ಈ ಹಾರ್ಮೋನು ಕೀಲಿಕೈಯ ಹಾಗೆ ಹೋಗಿ ಕೂರುವ ಎರಡು ತರಹದ ಬೀಗಗಳಿವೆ. ಒಂದು ಬೀಗ ಇನ್ನೊಂದಕ್ಕಿಂತ ಸುಮಾರು 10 ಪಟ್ಟು ಗಟ್ಟಿಯಾಗಿ ಹಿಡಿಯುತ್ತದೆ. ಹಾಗಾಗಿ ದಿನನಿತ್ಯದ ಸ್ವಲ್ಪ ಹಾರ್ಮೋನಿಗೇ ಅದು ತುಂಬಿರುತ್ತದೆ. ಎರಡನೆಯದು ತುಂಬುವುದು ಮಟ್ಟ ಮೇಲೇರಿದಾಗ ಮಾತ್ರ. ಬೆಳಿಗ್ಗೆ ಎದ್ದಾಗ ಸ್ವಲ್ಪ ಹೊತ್ತು ಅದು ತುಂಬಿದರೆ ಏನೂ ತೊಂದರೆಯಿಲ್ಲ, ಅದು ಬೇಕು ಕೂಡ. ವಾರಗಟ್ಟಲೆ ತುಂಬಿಯೇ ಇದ್ದರೆ ಮುಂದಿನ ಪ್ರಶ್ನೆ ಶುರುವಾಗುತ್ತದೆ.

ಕುಗ್ಗುತ್ತದೆ ಅಂದರೆ ಏನು ಕುಗ್ಗುತ್ತದೆ? ನರಕೋಶ ಸಾಯುತ್ತದಾ?

ನಾನು ಬರೆಯಲು ಕೂತದ್ದೇ ಈ ಪ್ರಶ್ನೆಗಾಗಿ, ಸ್ವಲ್ಪ ಸಾವಕಾಶವಾಗಿ ಓದಿ.

1992ರ ಪ್ರಯೋಗ ಇದು. ಇಲಿಗಳನ್ನು ದಿನಕ್ಕೆ 6 ತಾಸು, 21 ದಿನ, ಅಲುಗಾಡಲು ಜಾಗವಿಲ್ಲದ ಗೂಡಿನಲ್ಲಿ ಇಟ್ಟರು. ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಸುಮ್ನೆ ಕಟ್ಟಿಹಾಕಿದ ಹಾಗೆ. ಆಮೇಲೆ ಹಿಪ್ಪೊಕ್ಯಾಂಪಸ್ಸಿನ ಒಂದು ಪಟ್ಟಿಯ ನರಕೋಶಗಳಿಗೆ ಬೆಳ್ಳಿಯ ಬಣ್ಣ ಏರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಈ ಬಣ್ಣದ ವಿಚಿತ್ರ ಏನೆಂದರೆ, ನೂರಾರು ಕೋಶಗಳಲ್ಲಿ ಒಂದೆರಡನ್ನು ಮಾತ್ರ ಹಿಡಿಯುತ್ತದೆ. ಹಿಡಿದರೆ ತುದಿಯಿಂದ ಬುಡದವರೆಗೆ ಕರ್ರಗೆ ಮಾಡುತ್ತದೆ. ಹಳದಿ ಗಾಜಿನ ಮೇಲೆ ಒಂದು ಬೋಳು ಗಿಡದ ನೆರಳು ಬಿದ್ದಂಗೆ ಕಾಣುತ್ತದೆ. ನಮ್ಮ ವಿದ್ಯಾರ್ಥಿಗಳು ಮೊದಲ ಸಲ ನೋಡಿದಾಗ "ಸರ, ಇದು ಜಾಲಿ ಗಿಡ" ಅಂತಲೇ ಅನ್ನುತ್ತಾರೆ.

ಒತ್ತಡದ ಇಲಿಗಳಲ್ಲಿ ಆ ಗಿಡದ ಕೊಂಬೆಗಳು ಮೋಟಾಗಿದ್ದವು. ಕವಲುಗಳು ಕಡಿಮೆ, ಉದ್ದವೂ ಕಡಿಮೆ. ಆದರೆ ಗಿಡ ಸತ್ತಿರಲಿಲ್ಲ. ಬುಡ ಗಟ್ಟಿಯಾಗಿಯೇ ಇತ್ತು.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಕಾಲುವೆ ಬದಿಯ ಬಳ್ಳಾರಿ ಜಾಲಿಯನ್ನು ಎಷ್ಟು ಸಲ ಕಡಿದಿಲ್ಲ ನಾವು? ಕಡಿದ ದಿನ ಅಲ್ಲಿ ಗಿಡವೇ ಇಲ್ಲ ಅನ್ನಿಸುತ್ತದೆ. ಬೇರು ಕೀಳುವವರೆಗೆ ಅದು ಸತ್ತಿಲ್ಲ. ಕೊಂಬೆ ಕಡಿಯುವುದಕ್ಕೂ ಬೇರು ಕೀಳುವುದಕ್ಕೂ ಎಷ್ಟು ವ್ಯತ್ಯಾಸವೋ, ಇಲ್ಲಿ "ಕುಗ್ಗುವುದಕ್ಕೂ" "ಸಾಯುವುದಕ್ಕೂ" ಅಷ್ಟೇ ವ್ಯತ್ಯಾಸ.

1980ರ ದಶಕದಲ್ಲಿ ವಿಜ್ಞಾನಿಗಳಿಗೇ ಸಾವಿನ ಹೆದರಿಕೆ ಇತ್ತು. ಕಾರ್ಟಿಸಾಲ್ ಕೋಶಗಳನ್ನು ಕೊಲ್ಲುತ್ತದೆ, ಕೋಶ ಸತ್ತರೆ "ಸಾಕು" ಅನ್ನುವ ಬ್ರೇಕು ಹೋಗುತ್ತದೆ, ಬ್ರೇಕು ಹೋದರೆ ಕಾರ್ಟಿಸಾಲ್ ಇನ್ನೂ ಏರುತ್ತದೆ ಅನ್ನುವುದು ರಾಬರ್ಟ್ ಸಪೋಲ್ಸ್ಕಿ ಮತ್ತು ಮೆಕ್ಯೂಯೆನ್ ಅವರ ವಾದ. ಮೊಬೈಲ್ ವಿಡಿಯೋಗಳು ಇನ್ನೂ ಅಲ್ಲೇ ನಿಂತಿವೆ. 2001ರ ಹೊತ್ತಿಗೆ, ಖಿನ್ನತೆ ಇದ್ದು ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿದವರಿಗೆ ಹಿಪ್ಪೊಕ್ಯಾಂಪಸ್ಸಿನಲ್ಲಿ ದೊಡ್ಡ ಪ್ರಮಾಣದ ಕೋಶನಾಶ ಸಿಗಲಿಲ್ಲ.

ಇನ್ನೊಂದು ಮಾತು. ಕೊಂಬೆ ಮೋಟಾಗಿಸುವುದು ಕಾರ್ಟಿಸಾಲ್ ಒಂದೇ ಅಲ್ಲ. ನರಕೋಶಗಳು ಒಂದನ್ನೊಂದು ಎಬ್ಬಿಸಲು ಬಳಸುವ ಗ್ಲುಟಮೇಟ್ ಕೂಡ ಜೊತೆಗಿರುತ್ತದೆ. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್ ಅದರ ಆರ್ಭಟ ತಗ್ಗಿಸುತ್ತದೆ. ಅದನ್ನು ಕೊಟ್ಟ ಇಲಿಗಳಲ್ಲಿ ಒತ್ತಡ ಇದ್ದರೂ ಕೊಂಬೆಗಳು ಉಳಿದವು. ಇದನ್ನು ಓದಿ ಯಾರೂ ಆ ಮಾತ್ರೆ ನುಂಗಲು ಹೋಗಬೇಡಿ ಮತ್ತೆ!

ಹಾಗಾದರೆ ಒತ್ತಡ ಹೋದ ಮೇಲೆ ವಾಪಸ್ ಚಿಗುರುತ್ತದಾ?

ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಹೌದು. 21 ದಿನದ ಒತ್ತಡ ನಿಲ್ಲಿಸಿ ಸುಮಾರು 10 ದಿನ ಬಿಟ್ಟು ನೋಡಿದಾಗ ಕೊಂಬೆಗಳು ಮರಳಿ ಬಂದಿದ್ದವು.

ಆದರೆ ಕಥೆಗೆ ಇನ್ನೊಂದು ಮಗ್ಗಲಿದೆ. ಅದನ್ನು ಕಂಡುಹಿಡಿದದ್ದು ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ, ಸುಮಂತ್ರ ಚಟರ್ಜಿ ಅವರ ಪ್ರಯೋಗಾಲಯ. ಹಿಪ್ಪೊಕ್ಯಾಂಪಸ್ಸಿನ ಮುಂದೆಯೇ ಬಾದಾಮಿಯಷ್ಟು ದೊಡ್ಡ ಅಮಿಗ್ಡಲಾ ಇದೆ. ಭಯದ ಲೆಕ್ಕ ಇಡುವ ಜಾಗ ಅದು. 2002ರಲ್ಲಿ ಅವರು ಇಲಿಗಳನ್ನು ದಿನಕ್ಕೆ 2 ತಾಸು, 10 ದಿನ ಕಟ್ಟಿಹಾಕಿ ಎರಡೂ ಜಾಗ ನೋಡಿದರು. ಹಿಪ್ಪೊಕ್ಯಾಂಪಸ್ಸಿನಲ್ಲಿ ಕೊಂಬೆ ಮೋಟು. ಅಮಿಗ್ಡಲಾದಲ್ಲಿ ಉಲ್ಟಾ, ಕೊಂಬೆ ಇನ್ನೂ ಬೆಳೆದಿತ್ತು!

2004ರಲ್ಲಿ ಅದೇ ತಂಡ ಒತ್ತಡ ನಿಲ್ಲಿಸಿ 21 ದಿನ ಕಾದು ನೋಡಿತು. ಹಿಪ್ಪೊಕ್ಯಾಂಪಸ್ ಸರಿಹೋಗಿತ್ತು. ಅಮಿಗ್ಡಲಾ ಹಾಗೇ ಬೆಳೆದು ಕೂತಿತ್ತು. ಇಲಿಯ ನಡತೆಯೂ ಅದನ್ನೇ ಹೇಳುತ್ತಿತ್ತು. ಅಧಿಕ ಚಿಹ್ನೆಯ ಆಕಾರದ ಹಲಗೆಯನ್ನು ನೆಲದಿಂದ ಎತ್ತರಕ್ಕೆ ಇಡುತ್ತಾರೆ. ಎರಡು ತೋಳಿಗೆ ಗೋಡೆ ಇರುತ್ತದೆ, ಎರಡು ತೋಳು ಬಯಲು. ಧೈರ್ಯದ ಇಲಿ ಆಗಾಗ ಬಯಲು ತೋಳಿಗೆ ಹೋಗಿ ಇಣುಕಿ ಬರುತ್ತದೆ. ಹೆದರಿದ ಇಲಿ ಗೋಡೆ ಬಿಟ್ಟು ಬರುವುದಿಲ್ಲ. ಮೂರು ವಾರ ಆರಾಮಾಗಿದ್ದ ಮೇಲೂ ಈ ಇಲಿಗಳು ಗೋಡೆಗೇ ಅಂಟಿಕೊಂಡಿದ್ದವು.

ಜನ ನನ್ನನ್ನು ಕೇಳುವುದೆಲ್ಲ ಮರೆವಿನ ಬಗ್ಗೆ. ನನಗೆ ಕೇಳಿದರೆ, ಹಠಮಾರಿ ಅದಲ್ಲ. ಸಾಲ ತೀರಿದ ಮೇಲೂ ಫೋನ್ ರಿಂಗಾದರೆ ಎದೆ ಧಸಕ್ ಅನ್ನುತ್ತದಲ್ಲ, ಅದು.

ಇಲಿ ಬಿಡ್ರಿ, ಮನುಷ್ಯರದು ಹೇಳ್ರಿ.

ಮನುಷ್ಯರ ಮಿದುಳಿಗೆ ಬೆಳ್ಳಿ ಬಣ್ಣ ಹಚ್ಚಿ ನೋಡಲಾಗುವುದಿಲ್ಲ. ಎಂಆರ್‌ಐ ತೆಗೆದು ಗಾತ್ರ ಅಳೆಯುತ್ತಾರೆ. ಅದರಿಂದ ಎರಡು ಪಾಠ ಸಿಕ್ಕಿವೆ, ಒಂದಕ್ಕೊಂದು ಎದುರುಬದುರು.

ಮೊದಲನೆಯದು ಕುಶಿಂಗ್ ಕಾಯಿಲೆ. ಪಿಟ್ಯುಟರಿಯಲ್ಲೋ ಅಡ್ರಿನಲ್ಲಿನಲ್ಲೋ ಗಡ್ಡೆ ಬೆಳೆದು ಕಾರ್ಟಿಸಾಲ್ ತಿಂಗಳುಗಟ್ಟಲೆ ವಿಪರೀತ ಏರುವ ಕಾಯಿಲೆ ಇದು. ಮಿಷಿಗನ್‌ನ ಮೋನಿಕಾ ಸ್ಟಾರ್ಕ್‌ಮನ್ 1992ರಲ್ಲಿ ಇವರಲ್ಲಿ ಕಾರ್ಟಿಸಾಲ್ ಜಾಸ್ತಿ ಇದ್ದಷ್ಟೂ ಹಿಪ್ಪೊಕ್ಯಾಂಪಸ್ ಸಣ್ಣದಿರುವುದನ್ನು ತೋರಿಸಿದರು. 1999ರಲ್ಲಿ, ಚಿಕಿತ್ಸೆಯಾಗಿ ಕಾರ್ಟಿಸಾಲ್ ಇಳಿದ ಮೇಲೆ, ಇಂಥ ರೋಗಿಗಳಲ್ಲಿ ಅದು ಸರಾಸರಿ ಶೇ 3ರಷ್ಟು ಮತ್ತೆ ದೊಡ್ಡದಾಗಿತ್ತು. ಸತ್ತ ಕೋಶ ಎದ್ದು ಬರುವುದಿಲ್ಲ. ಹಾಗಾಗಿ ಇಲ್ಲೂ ಕುಗ್ಗಿದ್ದರಲ್ಲಿ ಒಂದು ಪಾಲಾದರೂ ಕೊಂಬೆಯೇ ಇರಬೇಕು ಅನ್ನುವುದು ಊಹೆ.

ಎರಡನೆಯದು ಸೈನಿಕರದು. 1995ರಲ್ಲಿ ವಿಯೆಟ್ನಾಂ ಯುದ್ಧ ಮುಗಿಸಿ ಬಂದು ಮಾನಸಿಕ ಆಘಾತದಿಂದ ನರಳುತ್ತಿದ್ದವರ ಬಲಗಡೆ ಹಿಪ್ಪೊಕ್ಯಾಂಪಸ್ ಬೇರೆಯವರಿಗಿಂತ ಶೇ 8ರಷ್ಟು ಸಣ್ಣದಿತ್ತು. ಯುದ್ಧದ ಒತ್ತಡವೇ ಕುಗ್ಗಿಸಿತು ಅಂತ ಎಲ್ಲರೂ ಬರೆದರು. 2002ರಲ್ಲಿ ಮಾರ್ಕ್ ಗಿಲ್ಬರ್ಟ್‌ಸನ್ ತಂಡ ಒಂದು ಜಾಣ ಕೆಲಸ ಮಾಡಿತು. ಒಂದೇ ರೂಪದ ಅವಳಿ ಅಣ್ಣತಮ್ಮಂದಿರನ್ನು ಹುಡುಕಿತು. ಒಬ್ಬ ಯುದ್ಧಕ್ಕೆ ಹೋದವನು, ಇನ್ನೊಬ್ಬ ಮನೆಯಲ್ಲೇ ಉಳಿದವನು. ಆಘಾತದಿಂದ ತೀವ್ರವಾಗಿ ನರಳುತ್ತಿದ್ದ ಸೈನಿಕನ ಹಿಪ್ಪೊಕ್ಯಾಂಪಸ್ ಸಣ್ಣದಿತ್ತು, ಸರಿ. ಯುದ್ಧದ ಮುಖವನ್ನೇ ನೋಡದ ಅವನ ಅವಳಿಯದ್ದೂ ಅಷ್ಟೇ ಸಣ್ಣದಿತ್ತು!

ಅಂದರೆ ಕೆಲವರಲ್ಲಿ ಅದು ಮೊದಲೇ ಸಣ್ಣದಿರಬಹುದು, ಅಂಥವರಿಗೆ ಆಘಾತ ಜಾಸ್ತಿ ತಟ್ಟಬಹುದು. ಅದೂ ಅಲ್ಲದೆ ಇಂಥ ಆಘಾತವಿರುವ ಎಷ್ಟೋ ಜನರಲ್ಲಿ ಕಾರ್ಟಿಸಾಲ್ ಏರಿರುವುದೇ ಇಲ್ಲ, ಕೆಲವರಲ್ಲಿ ಕಡಿಮೆಯೇ ಇರುತ್ತದೆ. "ಟೆನ್ಶನ್ ಅಂದರೆ ಕಾರ್ಟಿಸಾಲ್, ಕಾರ್ಟಿಸಾಲ್ ಅಂದರೆ ಮಿದುಳು ಹಾಳು" ಅಂತ ಗೆರೆ ಎಳೆಯುವವರು ಈ ಅವಳಿಗಳ ಕಥೆ ಹೇಳುವುದೇ ಇಲ್ಲ.

ಲ್ಯಾಬಿನಲ್ಲಿ ಕಾರ್ಟಿಸಾಲ್ ಟೆಸ್ಟ್ ಮಾಡಿಸಿದರೆ ಎಷ್ಟು ಟೆನ್ಶನ್ ಇದೆ ಗೊತ್ತಾಗುತ್ತದಾ?

ಇಲ್ಲ. ದುಡ್ಡು ಹೋಗುತ್ತದೆ. ಕಾರ್ಟಿಸಾಲ್ ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ತಾಸಿನಲ್ಲಿ ಶಿಖರ ಮುಟ್ಟಿ, ದಿನವಿಡೀ ಇಳಿದು, ನಡುರಾತ್ರಿ ತಳ ಸೇರುತ್ತದೆ. ಸೂಜಿಗೆ ಹೆದರಿದರೂ ಏರುತ್ತದೆ. ಹೀಗೆ ಓಡುವ ಸಂಖ್ಯೆಯನ್ನು ಒಂದು ಸಲ ಹಿಡಿದು ಏನು ಹೇಳುತ್ತೀರಿ?

ಕುಶಿಂಗ್ ಅನುಮಾನ ಬಂದಾಗ ಡಾಕ್ಟರು ಬೇರೆ ದಾರಿ ಹಿಡಿಯುತ್ತಾರೆ. ನಡುರಾತ್ರಿಯ ಜೊಲ್ಲು, 24 ತಾಸಿನ ಮೂತ್ರ, ಇಲ್ಲವೇ ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ಮಾತ್ರೆ ಕೊಟ್ಟು ಬೆಳಿಗ್ಗೆ ರಕ್ತ. ಶಕ್ತಿನಗರದ ಥರ್ಮಲ್‌ನಲ್ಲೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ನೈಟ್ ಶಿಫ್ಟ್ ಮಾಡುವವರಾದರೆ ಅದನ್ನು ಮೊದಲೇ ಹೇಳಿ. ನಿಮ್ಮ ನಡುರಾತ್ರಿ ನಿಮ್ಮ ದೇಹಕ್ಕೆ ನಡುರಾತ್ರಿಯಲ್ಲ, ಜೊಲ್ಲಿನ ಪರೀಕ್ಷೆ ತಪ್ಪು ಹೇಳಬಹುದು.

ಎಂಆರ್‌ಐ ಮಾಡಿಸಲಾ? ನೆಪ್ಪೇ ಉಳಿಯಂಗಿಲ್ರಿ.

ಹೀಗೆ ಕೇಳಿದವರೊಬ್ಬರ ಕಥೆ ಹೇಳುತ್ತೇನೆ. ಮಾನ್ವಿ ಕಡೆಯ, ಕಾಲುವೆಯ ಟೇಲ್ ಎಂಡ್ ರೈತರು, 54 ವರ್ಷ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದ ಸುದ್ದಿ ಬಂದ ರಾತ್ರಿಯಿಂದ ಅವರಿಗೆ ನಿದ್ದೆ ಕೆಟ್ಟಿತ್ತು. ಮೊದಲೇ ಕೊನೆ ಭಾಗ, ನೀರು ಬಂದರೆ ಬಂತು. ಜೊತೆಗೆ ಸಾಲ. ಗೊಬ್ಬರದ ಅಂಗಡಿಗೆ ಹಣ ಕೊಟ್ಟೆನೋ ಇಲ್ಲವೋ ನೆನಪಿಲ್ಲ, ಕೋಣೆಗೆ ಹೋದರೆ ಯಾಕೆ ಬಂದೆ ನೆನಪಿಲ್ಲ. ಹೈದರಾಬಾದಿನಲ್ಲಿರುವ ಭಾವಮೈದುನ "ಮಿದುಳು ಕುಗ್ಗಿರಬೇಕು, ಸ್ಕ್ಯಾನ್ ಮಾಡಿಸು ಮಾವ" ಅಂದಿದ್ದ.

ಸ್ಕ್ಯಾನ್ ಯಾಕೆ ಉತ್ತರ ಕೊಡುವುದಿಲ್ಲ ನೋಡಿ. ಅವರ ಬಲಗಡೆ ಹಿಪ್ಪೊಕ್ಯಾಂಪಸ್ 3.5 ಮಿಲಿಲೀಟರ್ ಇತ್ತು ಅಂದುಕೊಳ್ಳೋಣ. ಸೈನಿಕರಲ್ಲಿ ಕಂಡ ಹಾಗೆ ಶೇ 8 ಕಡಿಮೆಯಾದರೆ ಹೋಗುವುದು 0.28. ನೆನೆಸಿದ ಒಂದು ಕಡಲೆಕಾಳಿನಷ್ಟು. ಉಳಿಯುವುದು 3.22. ಆದರೆ ಆರೋಗ್ಯವಾಗಿರುವ ಜನರಲ್ಲೇ ಒಬ್ಬರಿಗೆ 3, ಇನ್ನೊಬ್ಬರಿಗೆ 4 ಇರುತ್ತದೆ. 3.22 ಕಂಡರೆ ಅದು ಕುಗ್ಗಿದ್ದೋ, ಹುಟ್ಟಿದಾಗಿನಿಂದಲೇ ಹಾಗಿದ್ದದ್ದೋ? ಹೇಳಬೇಕಾದರೆ ಹತ್ತು ವರ್ಷದ ಹಿಂದಿನ ಸ್ಕ್ಯಾನ್ ಬೇಕು. ಯಾರ ಹತ್ತಿರ ಇರುತ್ತದೆ? ಶೇ 8 ಅನ್ನುವುದು ಒಂದು ಗುಂಪನ್ನು ಇನ್ನೊಂದು ಗುಂಪಿನ ಜೊತೆ ಹೋಲಿಸಿದಾಗ ಸಿಗುವ ಸರಾಸರಿ. ಒಬ್ಬ ಮನುಷ್ಯನಿಗೆ ಹಿಡಿಯುವ ಅಳತೆಗೋಲು ಅಲ್ಲ.

ನನ್ನ ಗೆಳೆಯರೊಬ್ಬರು ಫಿಜಿಷಿಯನ್, ಅವರ ಹತ್ತಿರ ಕಳಿಸಿದೆ. ಅವರು ಮೊದಲು ಮೂರು ಮಾತು ಹೇಳಿದರು: ನೇಗಿಲು, ಕೊಡ, ಮಲ್ಲಿಗೆ. ಐದು ನಿಮಿಷ ಬೇರೆ ಮಾತಾಡಿ ವಾಪಸ್ ಕೇಳಿದರು. ನೇಗಿಲು, ಕೊಡ ಬಂತು. ಮೂರನೆಯದು ಬರಲಿಲ್ಲ. "ಹೂವಿನ ಹೆಸರ್ರಿ" ಅಂದ ತಕ್ಷಣ "ಹಾಂ, ಮಲ್ಲಿಗಿ!" ಅಂದರು. ಸುಳಿವು ಕೊಟ್ಟರೆ ಸಿಕ್ಕಿತು ಅಂದರೆ ನೆನಪು ಒಳಗೆ ಕೂತಿದೆ, ಹುಡುಕುವುದು ಕಷ್ಟವಾಗಿದೆ. ಚಿಂತೆ, ನಿದ್ದೆಗೇಡು, ಮನಸ್ಸು ಕುಸಿದಿರುವುದು, ಇವುಗಳ ಮರೆವು ಸಾಮಾನ್ಯವಾಗಿ ಹೀಗಿರುತ್ತದೆ. ಹಿಪ್ಪೊಕ್ಯಾಂಪಸ್ಸೇ ನಿಜವಾಗಿ ಕೆಟ್ಟಾಗ ಸುಳಿವು ಕೊಟ್ಟರೂ ಪ್ರಯೋಜನವಾಗುವುದು ಕಡಿಮೆ. ಅಂಥವರು ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾರೆ, ಗೊತ್ತಿರುವ ದಾರಿ ತಪ್ಪುತ್ತಾರೆ. ಎಷ್ಟೋ ಸಲ ಅವರಿಗಿಂತ ಮನೆಯವರಿಗೇ ಚಿಂತೆ ಜಾಸ್ತಿ ಇರುತ್ತದೆ. ಅಂಥವರಿಗೆ ಸ್ಕ್ಯಾನ್ ಬೇಕೇ ಬೇಕು.

ಆಮೇಲೆ ರಕ್ತ ನೋಡಿಸಿದರು. ಸಕ್ಕರೆ, ಥೈರಾಯ್ಡ್ ಸರಿ ಇತ್ತು. ಬಿ12 ಕಡಿಮೆ ಇತ್ತು, ಮಾಂಸ ತಿನ್ನದ ಮನೆ. ಹತ್ತಿಗೆ, ಮೆಣಸಿನಗಿಡಕ್ಕೆ ಔಷಧಿ ಹೊಡೆಯುವಾಗ ಮುಖಕ್ಕೆ ಬಟ್ಟೆ ಕಟ್ಟುತ್ತೀರಾ ಅಂತಲೂ ಕೇಳಿದರು, ಯಾಕಂದರೆ ಕೆಲವು ಕೀಟನಾಶಕಗಳೂ ನೆನಪು ಕೆಡಿಸುತ್ತವೆ. ನಿದ್ದೆ ನಾಲ್ಕು ತಾಸು. ಬಿ12 ಸೂಜಿ ಕೊಟ್ಟು, ನಿದ್ದೆಗೆ ಚಿಕಿತ್ಸೆ ಶುರು ಮಾಡಿದರು. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿಯೇ ಕೇಳಿದರು. ಇಲ್ಲ ಅಂದರು. ಬಂದರೆ ಕರೆ ಮಾಡಿ ಅಂತ ಟೆಲಿ ಮಾನಸ್ ನಂಬರ್ 14416 ಚೀಟಿಯ ಮೇಲೆ ಬರೆದುಕೊಟ್ಟರು, ಅದು ಸರ್ಕಾರದ ಉಚಿತ ಸಹಾಯವಾಣಿ. ಮೂರು ತಿಂಗಳಿಗೆ ಮರೆವು ಎಷ್ಟೋ ಕಡಿಮೆಯಾಗಿತ್ತು. ಸೂಜಿಯಿಂದಲೋ ನಿದ್ದೆಯಿಂದಲೋ ಬೇರೆ ಮಾಡಿ ಹೇಳಲಾಗದು. ಸಾಲ ಮಾತ್ರ ಹಾಗೇ ಇತ್ತು.

ಮೊಣಕಾಲು ನೋವಿಗೆ ತಗೊಳ್ಳುವ ಸ್ಟಿರಾಯ್ಡ್ ಮಾತ್ರೆಗೂ ಇದಕ್ಕೂ ಸಂಬಂಧ ಇದೆಯಾ?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಜಾಸ್ತಿ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಇವೆಲ್ಲ ಕಾರ್ಟಿಸಾಲ್‌ನದೇ ಕುಲ. ಬೀಗ ಅದೇ. ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಡುವ ಸಣ್ಣ ಬಿಳಿ ಗುಳಿಗೆ, ಹಾಕಿದ ಕೂಡಲೇ ಎದ್ದು ಓಡಾಡಿಸುವ ಸೂಜಿ, ಇವುಗಳಲ್ಲಿ ಎಷ್ಟೋ ಸಲ ಇರುವುದು ಇದೇ. ನಮ್ಮ ಓಣಿಯ ಅಕ್ಕ ಒಬ್ಬರು ಎರಡು ವರ್ಷ ದಿನಾ ಒಂದು ನುಂಗಿದರು. ಮುಖ ದುಂಡಗಾಯಿತು, "ಮೈ ಹತ್ತಿದೆ" ಅಂತ ಎಲ್ಲರೂ ಖುಷಿಪಟ್ಟರು. ಕೈಕಾಲು ಸೊರಗಿತು, ಹೊಟ್ಟೆಯ ಮೇಲೆ ನೇರಳೆ ಗೆರೆ ಬಂತು, ನೆಲದಿಂದ ಏಳಲು ತೊಡೆಯಲ್ಲಿ ಶಕ್ತಿ ಇರಲಿಲ್ಲ. ಇದು ಗಡ್ಡೆಯಿಲ್ಲದೆಯೇ ಬಂದ ಕುಶಿಂಗ್. ಕಾರ್ಟಿಸಾಲ್ ಹಿಪ್ಪೊಕ್ಯಾಂಪಸ್ಸಿಗೆ ಏನು ಮಾಡುತ್ತದೆ ಅಂತ ನಿಜವಾಗಿ ಹೆದರಬೇಕಾದ ಜಾಗ ಇದು. ಈ ಔಷಧಿಗಳನ್ನು ಬಹಳ ದಿನ ತಗೊಂಡವರಲ್ಲಿ ಮಾತಿನ ನೆನಪು ಕುಂದುವುದನ್ನು ಕಂಡಿದ್ದಾರೆ.

ಹಾಗಂತ ಇವತ್ತೇ ಬಿಟ್ಟುಬಿಡಬೇಡಿ! ಹೊರಗಿನಿಂದ ಹಾರ್ಮೋನ್ ಬರುತ್ತಿದ್ದರೆ ಅಡ್ರಿನಲ್ ಕೆಲಸ ಬಿಟ್ಟು ಮಲಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ವಾಂತಿ, ಸುಸ್ತು, ಬಿಪಿ ಕುಸಿತ, ಪ್ರಾಣಕ್ಕೂ ಅಪಾಯ. ಡಾಕ್ಟರು ವಾರಗಳು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಆಸ್ತಮಾ, ಸಂಧಿವಾತಕ್ಕೆ ಡಾಕ್ಟರೇ ಬರೆದುಕೊಟ್ಟಿದ್ದರೆ ಅದರ ಲೆಕ್ಕ ಬೇರೆ, ಅವರನ್ನು ಕೇಳದೆ ಕೈ ಹಚ್ಚಬೇಡಿ.

ಪರೀಕ್ಷೆ ಹಾಲಿನಲ್ಲಿ ಓದಿದ್ದೆಲ್ಲ ಮರೆಯುತ್ತದಲ್ಲ, ಅದೂ ಮಿದುಳು ಕುಗ್ಗಿದ್ದಕ್ಕಾ?

ಅಲ್ಲ. ಒಂದು ತಾಸಿನಲ್ಲಿ ಏನೂ ಕುಗ್ಗುವುದಿಲ್ಲ. ಕಾರ್ಟಿಸಾಲ್ ಏರಿದಾಗ ಇಟ್ಟ ನೆನಪನ್ನು ಹೊರತೆಗೆಯುವುದು ಆ ಹೊತ್ತಿಗೆ ಕಷ್ಟವಾಗುತ್ತದೆ. ಹೊರಗೆ ಬಂದು ಚಹಾ ಕುಡಿಯುವಾಗ ಎಲ್ಲಾ ನೆನಪಾಗುತ್ತದೆ, ಅಲ್ವಾ? ಅದೇ ಸಾಕ್ಷಿ.

ನಡೆದರೆ ಹಿಪ್ಪೊಕ್ಯಾಂಪಸ್ ಬೆಳೆಯುತ್ತದಂತೆ?

2011ರಲ್ಲಿ ಅಮೆರಿಕದಲ್ಲಿ 120 ವಯಸ್ಸಾದವರ ಮೇಲೆ ಪ್ರಯೋಗ ಮಾಡಿದರು. ಅರ್ಧ ಜನ ಒಂದು ವರ್ಷ, ವಾರಕ್ಕೆ ಮೂರು ದಿನ, 40 ನಿಮಿಷ ಚುರುಕಾಗಿ ನಡೆದರು. ಅವರ ಹಿಪ್ಪೊಕ್ಯಾಂಪಸ್ ಶೇ 2ರಷ್ಟು ಬೆಳೆಯಿತು. ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರದು ಶೇ 1.4ರಷ್ಟು ಇಳಿಯಿತು. ಆಮೇಲಿನ ಪ್ರಯೋಗಗಳಲ್ಲಿ ಎಲ್ಲವೂ ಇಷ್ಟು ಚೆಂದ ಬಂದಿಲ್ಲ. ನಮ್ಮ ಬಿಸಿಲಿಗೆ ನಡೆಯುವುದಾದರೆ ಏಳರೊಳಗೆ ಮುಗಿಸಿ.

ಹೊಸ ನರಕೋಶ ಹುಟ್ಟುತ್ತದಾ?

ಇಲಿಯ ಹಿಪ್ಪೊಕ್ಯಾಂಪಸ್ಸಿನ ಒಂದು ಮೂಲೆಯಲ್ಲಿ ಸಾಯುವವರೆಗೂ ಹುಟ್ಟುತ್ತಲೇ ಇರುತ್ತವೆ. ಒತ್ತಡ ಬಂದರೆ ಹುಟ್ಟುವುದು ಕಡಿಮೆಯಾಗುತ್ತದೆ. ದೊಡ್ಡವರಾದ ಮನುಷ್ಯರಲ್ಲಿ? 2018ರ ಮಾರ್ಚಿನಲ್ಲಿ ಒಂದು ತಂಡ ಹುಡುಕಿ ಹುಡುಕಿ ಒಂದೂ ಸಿಗಲಿಲ್ಲ ಅಂದಿತು. ಏಪ್ರಿಲಿನಲ್ಲಿ ಇನ್ನೊಂದು ತಂಡ 79 ವರ್ಷದವರಲ್ಲೂ ಸಾವಿರಗಟ್ಟಲೆ ಇವೆ ಅಂದಿತು. ಇಬ್ಬರೂ ಹೆಚ್ಚಾಗಿ ನೋಡಿದ್ದು ತೀರಿಕೊಂಡವರ ಮಿದುಳನ್ನೇ. ಸತ್ತ ಮೇಲೆ ಎಷ್ಟು ತಾಸಿಗೆ ಮಿದುಳನ್ನು ರಾಸಾಯನಿಕದಲ್ಲಿ ಇಟ್ಟರು, ಯಾವ ಬಣ್ಣ ಹಚ್ಚಿದರು ಅನ್ನುವುದರ ಮೇಲೆ ಜಗಳ ಇನ್ನೂ ನಡೆದಿದೆ.